ಹಸಿದ ಹೊಟ್ಟೆಯ ಗುರುಗುಟ್ಟು

"ಮೇಡಂ, ಹಸಿವಾದಾಗ ಹೊಟ್ಟೆ ಅಷ್ಟು ಜೋರಾಗಿ ಗುರ್ ಎನ್ನುತ್ತದಲ್ಲ, ಏಕೆ? ಕರುಳಿನೊಳಗೆ ಆ ಸದ್ದು ಮಾಡುವುದಾದರೂ ಏನು?"

ಗಾಳಿ ಮತ್ತು ದ್ರವ ಒಟ್ಟಿಗೆ ಇಕ್ಕಟ್ಟಾದ ದಾರಿಯಲ್ಲಿ ನುಸುಳುವಾಗ ಆ ಸದ್ದು ಹುಟ್ಟುತ್ತದೆ. ಅರ್ಧ ನೀರಿರುವ ಬಾಟಲಿಯನ್ನು ಬಗ್ಗಿಸಿದರೆ ಗುಳುಗುಳು ಎನ್ನುತ್ತದೆ. ಪೂರ್ತಿ ತುಂಬಿದ ಬಾಟಲಿಯನ್ನು ಅಲುಗಾಡಿಸಿದರೂ, ಪೂರ್ತಿ ಬರಿದಾದದ್ದನ್ನು ಅಲುಗಾಡಿಸಿದರೂ ಸದ್ದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಹಸಿದ ಹೊಟ್ಟೆಯನ್ನು ಬರಿ ಹೊಟ್ಟೆ ಎನ್ನುತ್ತೇವೆಯೇ ಹೊರತು ಅದು ನಿಜವಾಗಿ ಬರಿದಾಗಿರುವುದಿಲ್ಲ. ಉಗುಳಿನ ಜೊತೆ ನುಂಗಿದ ಗಾಳಿ, ಜಠರರಸ, ಪಿತ್ತರಸ ಇವೆಲ್ಲ ಅಲ್ಲಿ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತವೆ.

ಆದರೆ ಇವನ್ನು ದೂಡುವವರು ಯಾರು? ಶರೀರಕ್ರಿಯಾಶಾಸ್ತ್ರದ ಪಾಠ ಮಾಡುವ ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ. ಉಂಡದ್ದು ಜಠರದಿಂದ ಮತ್ತು ಸಣ್ಣ ಕರುಳಿನಿಂದ ಮುಂದೆ ಸಾಗಿ ಕೆಲವು ಗಂಟೆಗಳಾದ ಮೇಲೆ ಅಲ್ಲಿನ ಸ್ನಾಯುಗಳು ಸುಮ್ಮನೆ ಕೂರುವುದಿಲ್ಲ. ಮನೆ ಗುಡಿಸುವ ಕೆಲಸಕ್ಕೆ ಇಳಿಯುತ್ತವೆ. ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಬಲವಾದ ಸಂಕೋಚನಗಳ ಅಲೆಯೊಂದು ಹೆಚ್ಚಾಗಿ ಜಠರದಲ್ಲಿ ಎದ್ದು, ಸಣ್ಣ ಕರುಳಿನ ಉದ್ದಕ್ಕೂ ನಿಧಾನವಾಗಿ ಇಳಿಯುತ್ತದೆ. ಅಲೆ ಒಂದು ಜಾಗದಲ್ಲಿ ಐದರಿಂದ ಹತ್ತು ನಿಮಿಷ ಇರುತ್ತದೆ. ಆಗ ಜಠರ ನಿಮಿಷಕ್ಕೆ ಸುಮಾರು 3 ಬಾರಿ, ಸಣ್ಣ ಕರುಳಿನ ಮೊದಲ ಭಾಗ ಸುಮಾರು 11–12 ಬಾರಿ ಬಿಗಿಯಾಗುತ್ತದೆ. ಜೀರ್ಣವಾಗದೆ ಉಳಿದ ನಾರಿನ ಚೂರು, ಸತ್ತ ಜೀವಕೋಶ, ಬ್ಯಾಕ್ಟೀರಿಯಾ ಎಲ್ಲವನ್ನೂ ದೊಡ್ಡ ಕರುಳಿನ ಕಡೆಗೆ ತಳ್ಳುವುದೇ ಇದರ ಕೆಲಸ. ಕರುಳಿನ ಗೋಡೆಯಲ್ಲೇ ತಯಾರಾಗುವ ಮೋಟಿಲಿನ್ ಎಂಬ ಹಾರ್ಮೋನು ಜಠರದ ಅಲೆಯನ್ನು ಎಬ್ಬಿಸುವಲ್ಲಿ ಮುಖ್ಯ. ಅಲೆ ಏಳುವ ಹೊತ್ತಿಗೆ ರಸಗಳೂ ಹೆಚ್ಚು ಸುರಿಯುತ್ತವೆ, ಹೀಗಾಗಿ ದೂಡುವ ಬಲವೂ ದೂಡಿಸಿಕೊಳ್ಳುವ ದ್ರವವೂ ಒಟ್ಟಿಗೇ ಬರುತ್ತವೆ. ಮಧ್ಯೆ ಆಹಾರದ ಮುದ್ದೆ ಇಲ್ಲದ್ದರಿಂದ ಸದ್ದನ್ನು ಅಡಗಿಸುವಂಥದ್ದು ಏನೂ ಇರುವುದಿಲ್ಲ. ಉಂಡ ಮೇಲೂ ಕರುಳು ಸದ್ದು ಮಾಡುತ್ತಲೇ ಇರುತ್ತದೆ. ಅದು ನಮ್ಮ ಕಿವಿಗೆ ಬೀಳುವುದು ಕಡಿಮೆ, ಅಷ್ಟೇ.

ಒಮ್ಮೆ ಯಲಹಂಕದಿಂದ ಬೆಳಗಿನ ಬಸ್ಸು ಹಿಡಿದು ತಿಂಡಿ ತಿನ್ನದೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳ ಹೊಟ್ಟೆ ಪ್ರಾಯೋಗಿಕ ತರಗತಿಯ ನಿಶ್ಶಬ್ದದಲ್ಲಿ ಗುರುಗುಟ್ಟಿತು. ಅವಳು ನಾಚಿಕೊಂಡಳು, ಆದರೆ ಅವಳೇ ಒಪ್ಪಿ ಹೊಟ್ಟೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟುಕೊಂಡು ಕೇಳುತ್ತಾ ಕುಳಿತಳು. ಹಿಂದಿನ ರಾತ್ರಿ 9ಕ್ಕೆ ಊಟ ಮಾಡಿದ್ದವಳು. 10:40ಕ್ಕೆ ಆರಂಭವಾದ ಗಡಸು ಸದ್ದು ಏಳೆಂಟು ನಿಮಿಷ ನಡೆದು, ಏನೂ ತಿನ್ನದಿದ್ದರೂ ತಾನಾಗಿ ಅಡಗಿತು. ಮತ್ತೆ ಜೋರಾಗಿ ಕೇಳಿಸಿದ್ದು 12:20ರ ಸುಮಾರಿಗೆ. ತಿನ್ನದೇ ಇದ್ದರೆ ಹಸಿವು ಏರುತ್ತಲೇ ಹೋಗಬೇಕು, ಸದ್ದೂ ಹಾಗೆಯೇ ಏರಬೇಕು ಎಂದು ಅವಳು ಎಣಿಸಿದ್ದಳು. ಅಲೆ ಬಂದು ಹೋಗುವುದೆಂದು ತಿಳಿದ ಮೇಲೆ ನಡುವಿನ ಆ ಮೌನ ಅವಳಿಗೆ ಅರ್ಥವಾಯಿತು. ಮಧ್ಯಾಹ್ನ ಇಡ್ಲಿ ತಿಂದ ಮೇಲೆ ಅಲೆ ನಿಂತು, ಅದರ ಬದಲು ಅರೆಯುವ, ಬೆರೆಸುವ ಸಣ್ಣ ಚಲನೆಗಳು ಶುರುವಾದವು. ಬರೀ ನೀರು ಕುಡಿದಿದ್ದರೆ ಈ ಬದಲಾವಣೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ, ಏಕೆಂದರೆ ಅಲೆಯನ್ನು ನಿಲ್ಲಿಸುವುದು ಮುಖ್ಯವಾಗಿ ಆಹಾರದ ಪೋಷಕಾಂಶಗಳು.

ಹೊಟ್ಟೆ ಚುರುಗುಟ್ಟುವುದಕ್ಕೂ ಗುರುಗುಟ್ಟುವುದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತುಗಳಿರುವುದು ನನಗೆ ಬಹಳ ಸರಿ ಎನಿಸುತ್ತದೆ. ಮೊದಲನೆಯದು ನಮಗೆ ಅನುಭವವಾಗುವ ಸಂಕಟ, ಎರಡನೆಯದು ಕಿವಿಗೆ ಕೇಳುವ ಸದ್ದು. 1912ರಲ್ಲಿ ಅಮೆರಿಕದ ಶರೀರಕ್ರಿಯಾಶಾಸ್ತ್ರಜ್ಞ ಕ್ಯಾನನ್ ಮತ್ತು ಅವರ ವಿದ್ಯಾರ್ಥಿ ವಾಶ್‌ಬರ್ನ್ ಪ್ರಕಟಿಸಿದ ಪ್ರಯೋಗದಲ್ಲಿ, ವಾಶ್‌ಬರ್ನ್ ತಾವೇ ನುಂಗಿದ ಬಲೂನಿನಿಂದ ಜಠರದ ಒತ್ತಡವನ್ನು ದಾಖಲಿಸಿ, ಹಸಿವಿನ ಚುರುಕು ಜಠರದ ಸಂಕೋಚನದ ಜೊತೆಗೇ ಬರುವುದನ್ನು ತೋರಿಸಿದರು. ಆದರೂ ಎರಡೂ ಸದಾ ಜೊತೆಯಾಗಿ ಇರಲೇಬೇಕೆಂದಿಲ್ಲ. ಹಾಲು ಒಗ್ಗದವರು ಒಂದು ಲೋಟ ಹಾಲು ಕುಡಿದರೆ ಹಸಿವಿಲ್ಲದೆಯೂ ಹೊಟ್ಟೆ ಗುಡುಗುಡು ಎನ್ನುತ್ತದೆ. ಹಾಲಿನಲ್ಲಿರುವ, ಜೀರ್ಣವಾಗದ ಸಕ್ಕರೆಯನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಗಾಳಿ ಹೆಚ್ಚಿಸುತ್ತವೆ.

ಸದ್ದೊಂದೇ ಇದ್ದರೆ ಚಿಂತೆ ಬೇಡ. ಅದರ ಜೊತೆಗೆ ಬಿಟ್ಟು ಬಿಟ್ಟು ಹಿಂಡುವ ನೋವು, ವಾಂತಿ, ಹೊಟ್ಟೆಯ ಉಬ್ಬರ ಇದ್ದು, ಮಲವೂ ಗಾಳಿಯೂ ಹೋಗದಿದ್ದರೆ ಕರುಳಿನ ದಾರಿ ಕಟ್ಟಿಕೊಂಡಿರಬಹುದು. ಆಗ ಸ್ಟೆತೊಸ್ಕೋಪಿನಲ್ಲಿ ಕೀರಲು, ಟಿಣಿಟಿಣಿ ಎನ್ನುವ ಸದ್ದು ಕೇಳಿಸಬಹುದು. ತಡೆ ಮುಂದುವರಿದು ಕರುಳು ಸೋತರೆ ಆ ಸದ್ದೂ ನಿಲ್ಲಬಹುದು. ಸದ್ದು ನಿಂತಿತೆಂದು ಮನೆಯಲ್ಲಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.