ಹಿಸ್ ತೆಗೆಯಲು ಹೋಗಿ ತಂಬೂರಿ ಕೆಡಿಸಿದೆ

ವೀಣೆಯ ಸಿಡಿ ಮಾಸ್ಟರಿಂಗ್. ಎಸಿಯ ಸದ್ದು, ಪ್ರೀಆಂಪ್‌ನ ಶ್ ಅನ್ನೋ ಹಿಸ್ ತೆಗೆಯಲು ಮೂರು ದಿನ ಕೂತಿದ್ದೆ. ಕೊನೆಗೆ 24 ಬಿಟ್‌ನಿಂದ 16 ಬಿಟ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ ಮೂಲೆಯಲ್ಲಿ ಡಿದರ್ ಹಾಕಬೇಕಾ ಅಂತ ಒಂದು ಆಯ್ಕೆ. ಡಿದರ್ ಅಂದ್ರೆ ಬೇಕಂತಲೇ ಬೆರೆಸುವ ನಾಯ್ಸ್. ಇಷ್ಟೆಲ್ಲ ತೊಳೆದ ಮೇಲೆ ಮತ್ತೆ ಕಸ ಯಾಕೆ ಸುರೀಬೇಕು? `None` ಇಟ್ಟು ಕಳಿಸಿದೆ.

ಎರಡು ದಿನ ಬಿಟ್ಟು ವೀಣೆಯವರ ಫೋನ್. "ಆಲಾಪನೆ ಮುಗಿದು ತಂಬೂರಿ ಇಳಿಯುತ್ತಲ್ಲ, ಅಲ್ಲಿ ಏನೋ ಕರಕರ ಅಂತಿದೆ. ಆಮೇಲೆ ತಟ್ಟನೆ ನಿಂತೇ ಹೋಗುತ್ತೆ." ಹೆಡ್‌ಫೋನ್ ಸರಿಯಿಲ್ಲ ಅಂದುಬಿಟ್ಟೆ. ಆ ಮಾತು ಈಗಲೂ ಚುಚ್ಚುತ್ತೆ.

ಸದ್ದು ಮೆಲ್ಲಗೆ ಇಳಿಯುವ ಆ ಫೇಡ್‌ನ ಕೊನೆ ಹನ್ನೆರಡು ಸೆಕೆಂಡ್ ಕತ್ತರಿಸಿ 50 ಡಿಬಿ ಏರಿಸಿ ಕೇಳಿದೆ. ತಂಬೂರಿಯ ನಾದ ಹೋಗಿ ಜೀರುಂಡೆ ಕೂತಿತ್ತು. ಆಮೇಲೆ ಪೂರ್ತಿ ಮೌನ.

ಆಗಿದ್ದು ಇಷ್ಟೇ. 16 ಬಿಟ್‌ನಲ್ಲಿ ಸದ್ದಿನ ಏರಿಳಿತ ಬರೆದಿಡಲು 65,536 ಮೆಟ್ಟಿಲು, ಎರಡರ ನಡುವೆ ನಿಲ್ಲುವಂತಿಲ್ಲ. ಸದ್ದು 0.3 ಮೆಟ್ಟಿಲಿಗೆ ಇಳಿದಾಗ ರೌಂಡ್ ಮಾಡಿದರೆ ಪ್ರತಿ ಸಲವೂ ಸೊನ್ನೆ. ಅಂಗಡಿಯವ 10.30ರ ಬಿಲ್ಲಿಗೆ ದಿನಾ 10 ರೂಪಾಯಿಯೇ ತಗೊಂಡ ಹಾಗೆ. ಆ 30 ಪೈಸೆ ಯಾವತ್ತೂ ಲೆಕ್ಕಕ್ಕೆ ಬರಲ್ಲ. ಅದರ ಬದಲು ಚೀಟಿ ಎತ್ತಿ, ನೂರರಲ್ಲಿ ಮೂವತ್ತು ದಿನ 11 ತಗೊಂಡರೆ? ಸರಾಸರಿ ಸರಿಹೋಯ್ತು. ಡಿದರ್ ಆ ಚೀಟಿ. ರೌಂಡ್ ಮಾಡುವ ಮೊದಲು ಒಂದು ಮೆಟ್ಟಿಲು ಹೆಚ್ಚುಕಡಿಮೆ ಆಗುವಷ್ಟು ನಾಯ್ಸ್ ಬೆರೆಸಿದರೆ ಆ 0.3 ಸರಾಸರಿಯಲ್ಲಿ ಉಳಿಯುತ್ತೆ. ಕಿವಿ ಅದನ್ನು ಹಿಸ್‌ನ ಹಿಂದಿನಿಂದ ಹೆಕ್ಕಿಕೊಳ್ಳುತ್ತೆ.

ನಿಜವಾದ ತಮಾಷೆ ಬೇರೆ. ಸಾಮಾನ್ಯವಾಗಿ ರೆಕಾರ್ಡಿಂಗ್‌ನ ಸ್ವಂತ ಹಿಸ್ಸೇ ಈ ಕೆಲಸ ಮಾಡಿಬಿಡುತ್ತೆ, ಅದಕ್ಕೇ ಡಿದರ್ ಮರೆತರೂ ಎಷ್ಟೋ ಸಲ ಗೊತ್ತಾಗಲ್ಲ. ನಾನು ಅದನ್ನು ತೊಳೆದೆ. ಉಳಿದ ಚೂರನ್ನು ಫೇಡ್ ಒರೆಸಿತು.

ಡಿದರ್ ಹಾಕಿದ್ದು, ಹಾಕದ್ದು ಎರಡನ್ನೂ ಹೋಲಿಸಲು ನಲ್ ಟೆಸ್ಟ್ ಮಾಡಿದೆ. 24 ಬಿಟ್ ಫೈಲಿನ ಫೇಸ್ ತಿರುಗಿಸಿ 16 ಬಿಟ್ ಫೈಲಿನ ಜೊತೆ ಕೂಡಿಸಿದರೆ ಒಂದೇ ಇರುವುದೆಲ್ಲ ಅಳಿದು ವ್ಯತ್ಯಾಸ ಮಾತ್ರ ಉಳಿಯುತ್ತೆ, ಅದನ್ನು ಏರಿಸಿದೆ. ಡಿದರ್ ಇಲ್ಲದ್ದರಲ್ಲಿ ಉಳಿದ ತಪ್ಪು ಕೂಡ ತಂಬೂರಿ ಮೀಟಿಗೆ ತಕ್ಕಂತೆ ಕುಣಿಯುತ್ತಿತ್ತು. `TPDF` ಅನ್ನೋ ಬಗೆಯ ಡಿದರ್ ಹಾಕಿದ್ದರಲ್ಲಿ ಸುಮ್ನೆ ಒಂದೇ ಸಮನೆ ಶ್ ಅನ್ನೋ ಸದ್ದು, ಅದೂ ಸುಮಾರು -93 ಡಿಬಿಯಲ್ಲಿ. ಜೋರು ಸಿನಿಮಾ ಹಾಡಿನಲ್ಲಾಗಿದ್ದರೆ ಇದ್ಯಾವುದೂ ಯಾರಿಗೂ ಕೇಳಿಸುತ್ತಿರಲಿಲ್ಲ ಬಿಡಿ.

ವೀಣೆಯವರಿಗೆ ಫೋನ್ ಮಾಡಿ ತಪ್ಪು ನನ್ನದು ಅಂದೆ. ಹೊಸ ಫೈಲ್ ಕಳಿಸುವಷ್ಟರಲ್ಲಿ ಬಾಸ್ ಬಂದು "ಲೆವೆಲ್ ಅರ್ಧ ಡಿಬಿ ಇಳಿಸು" ಅಂದರು. ಕೈ ನೇರ 16 ಬಿಟ್ ಫೈಲಿಗೇ ಹೋಯ್ತು. ಅಲ್ಲಿ ಗೇನ್ ಮುಟ್ಟಿದರೆ ಮತ್ತೊಮ್ಮೆ ರೌಂಡ್ ಆಗಬೇಕು, ಮತ್ತೊಮ್ಮೆ ಡಿದರ್. ಬಾಸ್ ಹಿಂದೆ ನಿಂತು ಗಡಿಯಾರ ನೋಡುತ್ತಿರುವಾಗಲೇ 24 ಬಿಟ್ ಸೆಷನ್ ಮತ್ತೆ ತೆರೆದೆ.