ಯಾವ ದಿನದ ಲೆಕ್ಕ ಇದು?

ಅಮೆರಿಕದ ಬಡ್ಡಿ ದರ ಎತ್ತ ಹೋಗಬಹುದು ಅಂತ ನೋಡುವ ಒಂದು ಸಣ್ಣ ತಂಡದಲ್ಲಿ ನನ್ನ ಕೆಲಸ. ಸೇರಿದ ಹೊಸತರಲ್ಲಿ ಟೇಲರ್ ಸೂತ್ರದ ಎಕ್ಸೆಲ್ ಶೀಟ್ ಮಾಡುವ ಕೆಲಸ ನನಗೆ ಬಂತು. ಸ್ಟ್ಯಾನ್‌ಫರ್ಡ್‌ನ ಜಾನ್ ಟೇಲರ್ 1993ರಲ್ಲಿ ಬರೆದ ಸೂತ್ರ ಇಷ್ಟೇ:

```
i = p + 0.5*(p - 2) + 0.5*y + 2
```

`i` ಅಂದರೆ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್, ಅಂದರೆ ಫೆಡ್, ಇಡಬೇಕಾದ ಬಡ್ಡಿ ದರ. `p` ಕಳೆದ ಒಂದು ವರ್ಷದ ಹಣದುಬ್ಬರ, ಗುರಿ 2. `y` ಅಂದರೆ ದೇಶದ ಉತ್ಪಾದನೆ ತನ್ನ ಸಹಜ ಸಾಮರ್ಥ್ಯಕ್ಕಿಂತ ಶೇಕಡಾ ಎಷ್ಟು ಮೇಲಿದೆ ಅಥವಾ ಕೆಳಗಿದೆ ಅನ್ನುವ ಅಂತರ. ಹಣದುಬ್ಬರ 2, ಅಂತರ 0 ಇದ್ದರೆ ಉತ್ತರ 4 ಬರಬೇಕು. ಬರದಿದ್ದರೆ ಶೀಟ್‌ನಲ್ಲಿ ತಪ್ಪಿದೆ. ಮೊದಲಿನ `p` ಬಿಟ್ಟುಹೋದರೆ 2 ಬರುತ್ತದೆ. ಹೊಸಬರು ಹೆಚ್ಚಾಗಿ ಮಾಡುವ ತಪ್ಪು ಇದೇ.

ನನ್ನ ಶೀಟ್‌ನಲ್ಲಿ 4 ಸರಿಯಾಗಿ ಬಂತು. ಧೈರ್ಯ ಬಂದು 1970ರ ದಶಕಕ್ಕೂ ಲೆಕ್ಕ ಹಾಕಿದೆ. ಸೂತ್ರ ಹೇಳಿದ ದರ ಮೇಲೆ, ಫೆಡ್ ನಿಜವಾಗಿ ಇಟ್ಟ ದರ ಬಹಳ ಕೆಳಗೆ. ಆ ದಶಕದಲ್ಲಿ ಹಣದುಬ್ಬರ ಕೈಮೀರಿದ್ದಕ್ಕೆ ಕಾರಣ ಸಿಕ್ಕಿತು ಅಂದುಕೊಂಡೆ. ಫೆಡ್ ಸೂತ್ರದ ಹತ್ತಿರವೂ ಇರಲಿಲ್ಲ ಅಂತ ಟಿಪ್ಪಣಿ ಬರೆದು ನಮ್ಮ ಮೇಡಂಗೆ ಕೊಟ್ಟೆ.

ಅವರು ಗ್ರಾಫ್ ನೋಡಿ ಒಂದೇ ಪ್ರಶ್ನೆ ಕೇಳಿದರು. "ಈ ಅಂತರ ಯಾವ ದಿನದ ಲೆಕ್ಕ ಕಣಪ್ಪಾ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. 1975ರ ಅಂತರ 1975ರದ್ದೇ ಅಲ್ವಾ? ಅಲ್ಲ. ನಾನು ಇಳಿಸಿಕೊಂಡಿದ್ದು 1975ರ ಬಗ್ಗೆ ಇವತ್ತು ನಮಗಿರುವ ಅಂದಾಜು. ಅವತ್ತು ಸಭೆಯಲ್ಲಿ ಕೂತವರ ಮುಂದೆ ಇದ್ದ ಅಂಕಿ ಬೇರೆಯೇ. ಸಾಮರ್ಥ್ಯ ಅನ್ನುವುದನ್ನು ಯಾರೂ ಅಳೆಯಲಾಗದು, ಅಂದಾಜು ಮಾಡಬೇಕು. 1970ರ ದಶಕದಲ್ಲಿ ಅಮೆರಿಕದ ಉತ್ಪಾದಕತೆಯ ಬೆಳವಣಿಗೆ ನಿಧಾನವಾಗಿತ್ತು. ಅದು ಆಗ ಬೇಗ ಗೊತ್ತಾಗಲಿಲ್ಲ. ಹಳೆಯ ವೇಗವನ್ನೇ ಮುಂದೆ ಎಳೆದು ಸಾಮರ್ಥ್ಯ ಲೆಕ್ಕ ಹಾಕುತ್ತಿದ್ದರು. ಹಾಗಾಗಿ ಉತ್ಪಾದನೆ ಸಾಮರ್ಥ್ಯಕ್ಕಿಂತ ತುಂಬಾ ಕೆಳಗಿದೆ ಅಂತ ಅವರಿಗೆ ಕಾಣುತ್ತಿತ್ತು.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಮೇಡಂ ಕಾಗದದ ಮೇಲೆ ಉದಾಹರಣೆ ಹಾಕಿ ತೋರಿಸಿದರು. ಹಣದುಬ್ಬರ 6 ಅಂತಿಟ್ಟುಕೊಳ್ಳಿ. ಅಂತರ ಮೈನಸ್ 1 ಆದರೆ 6 + 2 - 0.5 + 2, ಅಂದರೆ 9.5. ಅದೇ ಅಂತರ ಮೈನಸ್ 7 ಅಂತ ನಂಬಿದ್ದರೆ 6 + 2 - 3.5 + 2, ಅಂದರೆ 6.5. ಸೂತ್ರ ಅದೇ, ಹಣದುಬ್ಬರ ಅದೇ. ದರ ಮಾತ್ರ ಮೂರು ಪಾಯಿಂಟ್ ಕೆಳಗೆ. ಫೆಡ್‌ನಲ್ಲಿದ್ದ ಅರ್ಥಶಾಸ್ತ್ರಜ್ಞ ಅಥನಾಸಿಯೋಸ್ ಆರ್ಫನೈಡ್ಸ್ ಅವತ್ತಿನ ಅಂಕಿಗಳನ್ನೇ ಹುಡುಕಿ ತೆಗೆದು ಲೆಕ್ಕ ಹಾಕಿದ್ದರು. ಹಾಗೆ ನೋಡಿದರೆ 1970ರ ದಶಕದ ದರಗಳು ಸೂತ್ರದಿಂದ ಅಷ್ಟೇನೂ ದೂರ ಇರಲಿಲ್ಲ. ನನ್ನ ಟಿಪ್ಪಣಿಯ ಮುಖ್ಯ ಮಾತೇ ಬಿದ್ದುಹೋಯಿತು.

ಟಿಪ್ಪಣಿ ವಾಪಸ್ ತೆಗೆದುಕೊಂಡೆ. ಹಳೆಯ ಕಾಲದ ಲೆಕ್ಕಕ್ಕೆ ಈಗ ಸೇಂಟ್ ಲೂಯಿಸ್ ಫೆಡ್‌ನ `ALFRED` ಅನ್ನುವ ಡೇಟಾಬೇಸ್ ಬಳಸುತ್ತೇನೆ. ಅಲ್ಲಿ ಒಂದು ತಾರೀಖು ಆರಿಸಿದರೆ ಆ ದಿನ ಜನರ ಕೈಯಲ್ಲಿದ್ದ ಅಂಕಿಯೇ ಸಿಗುತ್ತದೆ. ಜಿಡಿಪಿ ಕೂಡ ಮೊದಲು ಪ್ರಕಟವಾದ ಮೇಲೆ ಹಲವು ಸಲ ಬದಲಾಗುತ್ತದೆ, ಅದೂ ಅಲ್ಲಿ ಕಾಣುತ್ತದೆ.

ಇವತ್ತಿನ ಅಂತರಕ್ಕೂ ಇದೇ ತೊಂದರೆ ಇದೆ. ನಮ್ಮಲ್ಲಿ ತುಂಬಾ ಜನ ಅಂಕಿಗಳ ಏರಿಳಿತವನ್ನು ನಯಮಾಡುವ ಹಾಡ್ರಿಕ್-ಪ್ರೆಸ್ಕಾಟ್ ಫಿಲ್ಟರ್ ಹಾಕಿ ಸಾಮರ್ಥ್ಯದ ಗೆರೆ ಎಳೆಯುತ್ತಾರೆ. ಮಧ್ಯದ ವರ್ಷಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಂಕಿ ಇರುತ್ತದೆ. ಕೊನೆಯ ತ್ರೈಮಾಸಿಕಕ್ಕೆ ಹಿಂದಿನದು ಮಾತ್ರ. ಹಾಗಾಗಿ ಗೆರೆ ಹೆಚ್ಚು ಅಲುಗಾಡುವುದು ತುದಿಯಲ್ಲಿ. ನಮಗೆ ಬೇಕಾಗಿರುವುದೂ ಆ ತುದಿಯೇ! ಪರೀಕ್ಷೆ ಮಾಡುವುದು ಸುಲಭ. ಕೊನೆಯ ಎಂಟು ತ್ರೈಮಾಸಿಕ ಅಳಿಸಿ ಫಿಲ್ಟರ್ ಮತ್ತೆ ಓಡಿಸಿ. ಎರಡು ವರ್ಷದ ಹಿಂದಿನ ಅಂತರ ಆಗ ಎಷ್ಟು ಕಾಣುತ್ತಿತ್ತು, ಈಗ ಎಷ್ಟು ಕಾಣುತ್ತದೆ ಅಂತ ಪಕ್ಕಪಕ್ಕ ಇಡಿ. ಎರಡು ಪಾಯಿಂಟ್ ಬದಲಾಗಿದ್ದರೆ ಬಡ್ಡಿ ದರದಲ್ಲಿ ಒಂದು ಪಾಯಿಂಟ್ ಹೋಯಿತು ಅಂತ ಲೆಕ್ಕ. ಫೆಡ್ ಸಾಮಾನ್ಯವಾಗಿ ಒಂದು ಸಭೆಯಲ್ಲಿ ಬದಲಿಸುವುದೇ ಕಾಲು ಪಾಯಿಂಟ್.

ಈಗ ನನ್ನ ಶೀಟ್‌ನಲ್ಲಿ ಅಂತರದ ಪಕ್ಕ ಇನ್ನೊಂದು ಕಾಲಂ ಇದೆ, ಆ ಅಂಕಿ ಯಾವ ದಿನದ ಲೆಕ್ಕ ಅನ್ನುವ ತಾರೀಖಿನದು. ಅಂತರವನ್ನು ಒಂದು ಪಾಯಿಂಟ್ ಮೇಲೆ, ಒಂದು ಪಾಯಿಂಟ್ ಕೆಳಗೆ ಮಾಡಿ ಮೂರು ದರ ಬರೆಯುತ್ತೇನೆ. ಮೇಡಂ ಮೊದಲು ನೋಡುವುದು ಆ ತಾರೀಖಿನ ಕಾಲಂ.