ಖಾತೆ ಏಳೂವರೆ ಪಟ್ಟಾಗಿ ಮತ್ತೆ ಶುರುವಿಗೇ ಬಂದು ನಿಂತ ಕಥೆ

ನಾನು ಟ್ರೇಡಿಂಗ್ ರಿಸರ್ಚ್ ತಂಡವೊಂದರಲ್ಲಿ ಕೆಲಸ ಮಾಡುತ್ತೇನೆ. ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಅನ್ನೋ ನಿಯಮ ಹುಡುಕುವವರು ಬೇರೆ. ನಿಯಮ ಸಿಕ್ಕ ಮೇಲೆ ಪ್ರತಿ ಸಲ ಬಂಡವಾಳದ ಎಷ್ಟು ಪಾಲು ಹಾಕಬೇಕು ಅಂತ ಲೆಕ್ಕ ಹಾಕೋದು ನನ್ನ ಕೆಲಸ. ಕೇಳೋಕೆ ಗುಮಾಸ್ತನ ಕೆಲಸದ ಹಾಗಿದೆ, ಅಲ್ವಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ನಿಯಮ ನನ್ನ ಕೈಗೆ ಬಂತು. ಗೆದ್ದರೆ ಬರುವುದೂ ಸೋತರೆ ಹೋಗುವುದೂ ಸಮ, ಅಂದರೆ ಹಾಕಿದಷ್ಟೇ ಲಾಭ, ಹಾಕಿದಷ್ಟೇ ನಷ್ಟ. ಹಳೇ ದಾಖಲೆಗಳ ಮೇಲೆ ಓಡಿಸಿ ನೋಡಿದಾಗ 100 ಸಲದಲ್ಲಿ 60 ಸಲ ಗೆದ್ದಿತ್ತು. ನಾಣ್ಯ ಚಿಮ್ಮಿದ ಹಾಗೆ, ಆದರೆ ನಮ್ಮ ಕಡೆಗೆ ವಾಲಿದ ನಾಣ್ಯ. ಇಂಥ ನಾಣ್ಯ ಸಿಕ್ಕಿದ ಮೇಲೆ ಇನ್ನೇನು ಕಷ್ಟ?

ನಾನು ಮೊದಲು ಮಾಡಿದ್ದು ಸರಾಸರಿ ಲಾಭದ ಲೆಕ್ಕ. ಒಂದು ರೂಪಾಯಿ ಹಾಕಿದರೆ ಸರಾಸರಿ 20 ಪೈಸೆ ಲಾಭ. ಎರಡು ಹಾಕಿದರೆ 40 ಪೈಸೆ. ಹಾಕಿದಷ್ಟೂ ಸರಾಸರಿ ಏರುತ್ತಲೇ ಹೋಗುತ್ತದೆ. ಹಾಗಾದರೆ ಸರಾಸರಿಯ ಪ್ರಕಾರ ಪ್ರತಿ ಸಲವೂ ಇರುವುದನ್ನೆಲ್ಲ ಸುರಿಯಬೇಕು. ಹಾಗೆ ಮಾಡಿದರೆ ಮೊದಲ ಸೋಲಿಗೇ ಅಂಗಡಿ ಬಾಗಿಲು ಮುಚ್ಚುತ್ತದೆ. ಅಂದರೆ ಎಷ್ಟು ಹಾಕಬೇಕು ಅನ್ನೋ ಪ್ರಶ್ನೆಗೆ ಸರಾಸರಿ ಉತ್ತರ ಕೊಡುವುದೇ ಇಲ್ಲ.

ಯಾಕೆ ಅಂತ ಒಂದು ಗೆಲುವು, ಒಂದು ಸೋಲು ಇಟ್ಟುಕೊಂಡು ನೋಡಿ. ಕೈಯಲ್ಲಿ 1000 ಇದೆ, ಪ್ರತಿ ಸಲ ಐದನೇ ಒಂದು ಪಾಲು ಹಾಕುತ್ತೀರಿ. ಗೆದ್ದರೆ 1200. ಆಮೇಲೆ ಸೋತರೆ 1200ರ ಐದನೇ ಒಂದು ಪಾಲು ಹೋಗಿ 960. ಮೊದಲು ಸೋತು ಆಮೇಲೆ ಗೆದ್ದರೂ ಅಷ್ಟೇ: 800, ಆಮೇಲೆ 960. ಒಂದು ಗೆದ್ದು ಒಂದು ಸೋತರೆ ಸಮ ಅಂತ ಮನಸ್ಸು ಹೇಳುತ್ತದೆ, ಆದರೆ 40 ಕಳೆದುಹೋಗಿರುತ್ತದೆ. ಪಾಲು ಐದರಲ್ಲೆರಡು ಆದರೆ 1000 ಹೋಗಿ 840 ಆಗುತ್ತದೆ. ಪಾಲು ಎರಡರಷ್ಟಾದರೆ ಈ ಸೋರಿಕೆ ನಾಲ್ಕರಷ್ಟು. ಲಾಭ ಮಾತ್ರ ಎರಡರಷ್ಟೇ. ಹಾಗಾಗಿ ಎಲ್ಲೋ ಒಂದು ಕಡೆ ಸೋರಿಕೆ ಲಾಭವನ್ನು ನುಂಗಲು ಶುರು ಮಾಡುತ್ತದೆ.

ಬಂಡವಾಳ ಗುಣಿಸುತ್ತಾ ಬೆಳೆಯುವ ವಸ್ತು. ಆದ್ದರಿಂದ ಕೂಡಿಸಿ ನೋಡಬೇಕಾದದ್ದು ಲಾಭವನ್ನಲ್ಲ, ಪ್ರತಿ ಸಲ ಬಂಡವಾಳ ಎಷ್ಟು ಪಟ್ಟಾಯಿತು ಅನ್ನೋದರ ಲಾಗರಿದಮ್ಮನ್ನು; ಅದರಲ್ಲಿ ಗುಣಾಕಾರ ಕೂಡುವಿಕೆಯಾಗುತ್ತದೆ. 1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಇದನ್ನು ಬರೆದದ್ದು. ತಮಾಷೆ ಅಂದರೆ ಆತ ಬರೆಯಲು ಹೊರಟಿದ್ದು ತಂತಿಯಲ್ಲಿ ಹೋಗುವ ಮಾಹಿತಿಯ ಬಗ್ಗೆ. ಜೂಜುಕೋರ ಅದರಲ್ಲಿ ಉದಾಹರಣೆಯಾಗಿ ಬಂದ. ಈಗ ಹೆಸರು ಉಳಿದಿರುವುದು ಆ ಜೂಜುಕೋರನಿಂದಲೇ. ಸಮ ಬಾಜಿಗೆ ಕೆಲ್ಲಿಯ ಉತ್ತರ ಬಹಳ ಸರಳ: ಗೆಲ್ಲುವ ಸಂಭವದಲ್ಲಿ ಸೋಲುವ ಸಂಭವ ಕಳೆಯಿರಿ. 60ರಲ್ಲಿ 40 ಹೋದರೆ 20. ಬಂಡವಾಳದ ಶೇಕಡಾ 20 ಹಾಕಿ, ಅಷ್ಟೇ. ಬಾಜಿ ಸಮ ಇಲ್ಲದಿದ್ದರೆ, ಅಂದರೆ ಒಂದಕ್ಕೆ `b` ಬರುವಂತಿದ್ದರೆ, ಗೆಲ್ಲುವ ಸಂಭವ `p`, ಸೋಲುವ ಸಂಭವ `q`, ಹಾಕಬೇಕಾದ ಪಾಲು `f` ಅಂತ ಇಟ್ಟುಕೊಂಡರೆ ಸೂತ್ರ `f = (b*p - q)/b`.

ನಾನು ವರದಿಯಲ್ಲಿ ಶೇಕಡಾ 20 ಅಂತ ಬರೆದೆ. ಸಂಸ್ಥೆ ಪ್ರಯೋಗಕ್ಕೆ ಅಂತಲೇ ಇಟ್ಟಿದ್ದ ಸಣ್ಣ ಖಾತೆಯೊಂದರಲ್ಲಿ ಓಡಿಸಲು ಒಪ್ಪಿಗೆ ಸಿಕ್ಕಿತು. ಲೆಕ್ಕಕ್ಕೆ ಸುಲಭವಾಗಲಿ ಅಂತ ಶುರುವಿನ ಬಂಡವಾಳ 100 ಅಂದುಕೊಳ್ಳಿ.

ಮೊದಲ 100 ಸಲದಲ್ಲಿ ಕರೆಕ್ಟಾಗಿ 60 ಗೆಲುವು. ಖಾತೆ 749. ಏಳೂವರೆ ಪಟ್ಟು! ಆ ದಿನಗಳಲ್ಲಿ ನನ್ನ ನಡಿಗೆಯೇ ಬೇರೆ ಇತ್ತು. ನಮ್ಮ ತಂಡದ ಹಿರಿಯ ಮೇಡಂ ಒಬ್ಬರು ಮಾತ್ರ ಪರದೆ ನೋಡಿ, “ಈ 60 ಎಲ್ಲಿಂದ ಬಂತು?” ಅಂತ ಕೇಳಿದರು. “ಹಳೇ ದಾಖಲೆಯಿಂದ ಮೇಡಂ, ಈಗ ನಿಜದಲ್ಲೂ ಅದೇ ಬಂದಿದೆ” ಅಂದೆ. “ಎಷ್ಟು ನಿಯಮ ನೋಡಿದ ಮೇಲೆ ಇದನ್ನ ಆರಿಸಿದ್ರು ಅಂತ ಕೇಳಿದ್ರಾ?” ಅಂದರು. ಕೇಳಿರಲಿಲ್ಲ. ಕೇಳಬೇಕು ಅಂತ ಆಗಲೂ ಅನ್ನಿಸಲಿಲ್ಲ.

ಮುಂದಿನ 300 ಸಲದಲ್ಲಿ 160 ಗೆಲುವು, 140 ಸೋಲು. ಗಮನಿಸಿ, ಇದು ಸೋತ ಕಥೆ ಅಲ್ಲ. ಗೆಲುವೇ ಜಾಸ್ತಿ. ಒಟ್ಟು 400ಕ್ಕೆ 220 ಗೆಲುವು, ಶೇಕಡಾ 55. ಪ್ರತಿ ಸಲ ಸಮ ಮೊತ್ತ ಹಾಕಿದ್ದರೆ ಒಳ್ಳೆ ಲಾಭ ಬಂದಿರುತ್ತಿತ್ತು. ಆದರೆ ಖಾತೆಯಲ್ಲಿ ಉಳಿದದ್ದು 94.6. ಏಳೂವರೆ ಪಟ್ಟಾಗಿದ್ದದ್ದು ಶುರುವಿಗಿಂತ ಸ್ವಲ್ಪ ಕೆಳಗೇ ಬಂದು ಕೂತಿತ್ತು.

ಒಂದು ವಾರ ಕೋಡ್‌ನಲ್ಲಿ ತಪ್ಪು ಹುಡುಕಿದೆ. ತಪ್ಪು ಇರಲಿಲ್ಲ. ಆಮೇಲೆ ಈ ಕೆಲವು ಸಾಲು ಬರೆದೆ, ಮೊದಲೇ ಬರೆಯಬೇಕಿತ್ತು:

```python
from math import log
def g(f, p):
    return p*log(1+f) + (1-p)*log(1-f)

print(g(0.2, 0.60))   #  0.0201
print(g(0.2, 0.55))   # -0.0001
print(g(0.1, 0.55))   #  0.0050
```

`g` ಅಂದರೆ ಒಂದು ಸಲಕ್ಕೆ ಬಂಡವಾಳದ ಲಾಗ್ ಎಷ್ಟು ಬೆಳೆಯುತ್ತದೆ ಅನ್ನೋದು. ಗೆಲುವು ನಿಜವಾಗಿ ಶೇಕಡಾ 60 ಆಗಿದ್ದರೆ 20 ಪಾಲು ಸಲಕ್ಕೆ ಸುಮಾರು ಶೇಕಡಾ 2 ಬೆಳವಣಿಗೆ ಕೊಡುತ್ತದೆ. ಗೆಲುವು 55 ಆದರೆ ಅದೇ 20 ಪಾಲಿನ ಬೆಳವಣಿಗೆ ಸೊನ್ನೆ, ಅದಕ್ಕಿಂತ ಒಂದು ಕೂದಲು ಕೆಳಗೆ. 55ಕ್ಕೆ ಕೆಲ್ಲಿಯ ಉತ್ತರ 10. ನಾನು ಅದರ ಎರಡರಷ್ಟು ಹಾಕುತ್ತಿದ್ದೆ. ಸರಿಯಾದ ಪಾಲಿನ ಎರಡರಷ್ಟು ಹಾಕಿದರೆ ಬೆಳವಣಿಗೆ ಹತ್ತಿರ ಹತ್ತಿರ ಸೊನ್ನೆಗೆ ಬರುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದರೆ ನಮ್ಮ ಕಡೆ ವಾಲಿದ ನಾಣ್ಯ ಹಿಡಿದುಕೊಂಡೇ ದಿವಾಳಿ ಎದ್ದು ಹೋಗಬಹುದು.

ಅದೇ 400 ಗೆಲುವು ಸೋಲುಗಳನ್ನು ಅದೇ ಕ್ರಮದಲ್ಲಿ ಶೇಕಡಾ 10 ಪಾಲಿನಲ್ಲಿ ಓಡಿಸಿದೆ. ಮೊದಲ 100 ಆದಾಗ ಖಾತೆ 450. ನನ್ನ 749ರ ಮುಂದೆ ಸಪ್ಪೆ. ಆದರೆ ಕೊನೆಯಲ್ಲಿ 741. ನನ್ನದು 94.6. ಒಂದೇ ನಿಯಮ, ಒಂದೇ ಅದೃಷ್ಟ, ಪಾಲು ಮಾತ್ರ ಅರ್ಧ.

ಸರಾಸರಿ ಹೇಗೆ ಕಣ್ಣಿಗೆ ಮಣ್ಣೆರಚುತ್ತದೆ ಅಂತಲೂ ಆಗ ಗೊತ್ತಾಯಿತು. ಶೇಕಡಾ 55 ಗೆಲುವು, 20 ಪಾಲು ಅಂದರೆ ಸಲಕ್ಕೆ ಸರಾಸರಿ ಶೇಕಡಾ 2 ಲಾಭ. 400 ಸಲಕ್ಕೆ ಸರಾಸರಿ ಬಂಡವಾಳ 2700 ಪಟ್ಟಿಗೂ ಮೇಲೆ. ಈ ಸಂಖ್ಯೆ ತಪ್ಪಲ್ಲ. ಎಲ್ಲೋ ಕೆಲವು ಖಾತೆಗಳಿಗೆ ಸಾಲು ಸಾಲಾಗಿ ಗೆಲುವು ಬಂದು ಮುಗಿಲು ಮುಟ್ಟುತ್ತವೆ, ಅವೇ ಸರಾಸರಿಯನ್ನು ಎಳೆದು ಮೇಲಿಡುತ್ತವೆ. ಎಲ್ಲ ಖಾತೆಗಳನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಬಳಿ 94.6 ಇರುತ್ತದೆ. ಸಿಮ್ಯುಲೇಶನ್ ವರದಿಯಲ್ಲಿ ಸರಾಸರಿಗೂ ಈ ನಡುವಿನವನಿಗೂ ಅಜಗಜಾಂತರ ಕಂಡರೆ ಪಾಲು ಜಾಸ್ತಿಯಾಗಿದೆ ಅಂತ ಅನುಮಾನ ಪಡಬೇಕು. ನನ್ನ ವರದಿಯಲ್ಲಿ ನಡುವಿನವನೇ ಇರಲಿಲ್ಲ, ಸರಾಸರಿ ಒಂದೇ ಇತ್ತು.

ಇನ್ನು ಆ 60. ಕೊನೆಗೂ ಹೋಗಿ ಕೇಳಿದೆ. ಇಪ್ಪತ್ತು ನಿಯಮ ಓಡಿಸಿ ಅದರಲ್ಲಿ ಮೇಲೆ ಬಂದದ್ದನ್ನು ನನಗೆ ಕೊಟ್ಟಿದ್ದರು. ಇಪ್ಪತ್ತು ಜನ ಸಾಧಾರಣ ನಾಣ್ಯ ಚಿಮ್ಮಿದರೂ ಒಬ್ಬನಿಗೆ ತುಸು ಜಾಸ್ತಿ ಬಿದ್ದೇ ಬೀಳುತ್ತದೆ. ಆರಿಸಿದವನ ಅಂಕದಲ್ಲಿ ಅದೃಷ್ಟದ ಪಾಲೂ ಸೇರಿರುತ್ತದೆ. ಇದು ಬಿಟ್ಟರೂ 100 ಸಲದ ಅಂದಾಜಿನಲ್ಲೇ ಆಚೆ ಈಚೆ 5ರಷ್ಟು ಅಲ್ಲಾಟ ಇರುತ್ತದೆ. 60 ಕಂಡಲ್ಲಿ 55 ಇರುವುದು ಏನೇನೂ ವಿಚಿತ್ರ ಅಲ್ಲ. ಆ ಅಲ್ಲಾಟ 1ಕ್ಕೆ ಇಳಿಯಬೇಕಾದರೆ 2400 ಸಲ ಬೇಕು. ಶುರುವಿನ 100 ಸಲ ಮತ್ತೆ 60 ಬಂದದ್ದು ಬರೀ ಅದೃಷ್ಟ, ನಾನು ಅದನ್ನೇ ಸಾಕ್ಷಿ ಅಂತ ಹಿಡಿದುಕೊಂಡೆ.

ತಪ್ಪು ಎರಡೂ ಕಡೆ ಒಂದೇ ಅಲ್ಲ ಅನ್ನೋದು ಇಲ್ಲಿ ಮುಖ್ಯ. ಗೆಲುವು ನಿಜವಾಗಿ 60 ಇದ್ದು ನಾನು ಹೆದರಿ 10 ಮಾತ್ರ ಹಾಕಿದ್ದರೆ ಬೆಳವಣಿಗೆಯ ಮುಕ್ಕಾಲು ಪಾಲು ಸಿಗುತ್ತಿತ್ತು, ಕಾಲು ಭಾಗ ಮಾತ್ರ ಕೈತಪ್ಪುತ್ತಿತ್ತು. ಗೆಲುವು 55 ಇದ್ದು 20 ಹಾಕಿದ್ದಕ್ಕೆ ಪೂರ್ತಿ ಹೋಯಿತು. ಈ ಕಸುಬಿನಲ್ಲಿ ಹಳಬರು ಕೆಲ್ಲಿ ಹೇಳಿದ್ದರ ಅರ್ಧ ಹಾಕುವುದು ಇದಕ್ಕೇ. ನಾನು ಅದನ್ನು ಸುಮ್ನೆ ಪುಕ್ಕಲುತನ ಅಂದುಕೊಂಡಿದ್ದೆ.

ಅಂದಾಜು ಕರಾರುವಾಕ್ಕಾಗಿದ್ದರೂ ಪೂರ್ತಿ ಕೆಲ್ಲಿ ಹೊಟ್ಟೆಯಲ್ಲಿ ಅರಗುವುದು ಕಷ್ಟ. ಚಿಕ್ಕ ಚಿಕ್ಕ ಬಾಜಿಗಳ ಲೆಕ್ಕದಲ್ಲಿ, ಬಂಡವಾಳ ಎಂದಾದರೊಂದು ದಿನ ಶುರುವಿನ ಅರ್ಧಕ್ಕೆ ಇಳಿಯುವ ಸಂಭವವೇ ಎರಡರಲ್ಲಿ ಒಂದು. ಅರ್ಧ ಕೆಲ್ಲಿಗೆ ಅದು ಎಂಟರಲ್ಲಿ ಒಂದು. ಅರ್ಧ ದುಡ್ಡು ಹೋದ ದಿನವೂ ಸೂತ್ರದ ಪ್ರಕಾರವೇ ಹಾಕುವವರನ್ನು ನಾನಂತೂ ಕಂಡಿಲ್ಲ.

ಆಮೇಲೆ ನಾನು ಪ್ರಶ್ನೆಯನ್ನೇ ತಿರುಗಿಸಿ ಹಾಕಿದೆ. ಗೆಲುವಿನ ಸಂಭವ ಎಷ್ಟು ಅಂತ ಮೊದಲು ಕೇಳುವುದಿಲ್ಲ. ಇಷ್ಟು ಪಾಲು ಹಾಕಿದರೆ ನಿಂತಲ್ಲೇ ನಿಲ್ಲಲು 100ಕ್ಕೆ ಎಷ್ಟು ಗೆಲುವು ಬೇಕು ಅಂತ ಕೇಳುತ್ತೇನೆ. `g` ಸೊನ್ನೆ ಮಾಡುವ `p` ಹುಡುಕಿದರೆ ಸಾಕು. 20 ಪಾಲಿಗೆ 55.03 ಬೇಕು. 10 ಪಾಲಿಗೆ 52.5. 5 ಪಾಲಿಗೆ 51.25. ನಮಗೆ ಸಿಕ್ಕಿದ್ದು 55, ಬೇಕಾಗಿದ್ದು 55.03. ಇದೊಂದು ಸಾಲು ವರದಿಯ ಮೇಲಿದ್ದಿದ್ದರೆ 60ಕ್ಕೂ 55ಕ್ಕೂ ನಡುವಿನ ಆ ಸಣ್ಣ ಜಾಗ ಕಣ್ಣಿಗೆ ಹೊಡೆಯುತ್ತಿತ್ತು.

ಮುಂದಿನ ನಿಯಮ ಬಂದಾಗ 300 ಸಲದಲ್ಲಿ ಶೇಕಡಾ 57 ಗೆಲುವು ತೋರಿಸುತ್ತಿತ್ತು. ಈ ಸಲ ಮೊದಲೇ ಕೇಳಿದೆ: ಎಷ್ಟರಲ್ಲಿ ಆರಿಸಿದ್ದು? ಒಂದೇ ನಿಯಮ, ಬೇರೆ ಯಾವುದೂ ಓಡಿಸಿಲ್ಲ ಅಂದರು. 300 ಸಲಕ್ಕೆ ಅಲ್ಲಾಟ ಸುಮಾರು 2.9. ಅದರ ಎರಡರಷ್ಟು ಕಳೆದರೆ 51.3 ಉಳಿಯುತ್ತದೆ. ಪೂರ್ತಿ ಕೆಲ್ಲಿ 14 ಪಾಲು ಹಾಕು ಅನ್ನುತ್ತಿತ್ತು, ಅದಕ್ಕೆ ನಿಂತಲ್ಲೇ ನಿಲ್ಲಲು 53.5 ಬೇಕು. ನಾನು 5 ಅಂತ ಬರೆದು ಮೇಡಂ ಮುಂದೆ ಇಟ್ಟೆ. ಅವರು ಪಟ್ಟಿಯಲ್ಲಿ 51.25ರ ಮೇಲೆ ಒಂದು ಸಲ ಬೆರಳಾಡಿಸಿ, ಸಹಿ ಹಾಕಿ, ಕಾಗದ ವಾಪಸ್ ಕೊಟ್ಟರು.